‘ಬೈ’ ಮತ್ತು ‘ಸೆಮಿ’: ಕಾಲವಾಚಕಗಳ ಅನುವಾದ

ಇಂಗ್ಲಿಷಿನ ‘ಸೆಮಿ’ ಎಂದರೆ ಅರ್ಧ, ಅದರಲ್ಲಿ ತೊಡಕಿಲ್ಲ. ತೊಡಕಿರುವುದು ‘ಬೈ’ಯಲ್ಲಿ. ‘ಬೈಮಂತ್ಲಿ’ ಎಂಬುದು ಎರಡು ತಿಂಗಳಿಗೊಮ್ಮೆ ಎಂದೂ ಆದೀತು, ತಿಂಗಳಿಗೆರಡು ಬಾರಿ ಎಂದೂ ಆದೀತು. ವರ್ಷದ ಮಟ್ಟಿಗೆ ಮಾತ್ರ ಎರಡು ರೂಪಗಳುಂಟು: ‘ಬೈಯಾನ್ಯುಅಲ್’ ವರ್ಷಕ್ಕೆರಡು ಬಾರಿ, ‘ಬೈಯೆನ್ನಿಯಲ್’ ಎರಡು ವರ್ಷಕ್ಕೊಮ್ಮೆ. ಅನುವಾದಕನು ಎಡವುವುದು ಇಲ್ಲಿಯೇ.

ರಾಜ್ಯಸಭೆಯ ಸದಸ್ಯರ ಅವಧಿ 6 ವರ್ಷ. ಪ್ರತಿ 2 ವರ್ಷಕ್ಕೊಮ್ಮೆ ಸುಮಾರು ಮೂರನೆಯ ಒಂದು ಭಾಗದಷ್ಟು ಸದಸ್ಯರು ನಿವೃತ್ತರಾಗುತ್ತಾರೆ. ಆದುದರಿಂದ ಆ ಚುನಾವಣೆ ದ್ವೈವಾರ್ಷಿಕ. ಅರ್ಧವಾರ್ಷಿಕವೆಂದು ಬರೆದರೆ 2 ವರ್ಷಗಳಲ್ಲಿ ನಾಲ್ಕು ಚುನಾವಣೆಗಳಾದಾವು!

ದ್ವೈಮಾಸಿಕ, ತ್ರೈವಾರ್ಷಿಕ ಮೊದಲಾದ ನಮ್ಮ ಪದಗಳಲ್ಲಿ ಸಂಖ್ಯೆಯು ಅವಧಿಯನ್ನು ಅಳೆಯುತ್ತದೆ, ಆವರ್ತನೆಯನ್ನಲ್ಲ. ಆದಕಾರಣ ‘ಬೈಮಂತ್ಲಿ’ ಪತ್ರಿಕೆಯ ಸಂಚಿಕೆಗಳನ್ನು ಎಣಿಸಿಯೇ ಅನುವಾದಿಸಬೇಕು: ವರ್ಷಕ್ಕೆ 6 ಇದ್ದರೆ ದ್ವೈಮಾಸಿಕ, 24 ಇದ್ದರೆ ಪಾಕ್ಷಿಕ.