ಅಗ್ಗದ ಘಟಕವನ್ನೇ ಪೂರ್ತಿ ಓಡಿಸಿದರೆ ಸಾಲದೇ?

ಪ್ರಶ್ನೆ: ನಾನು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿನಿ. ಎರಡು ಕಲ್ಲಿದ್ದಲು ಘಟಕಗಳಲ್ಲಿ ಒಂದರ ವಿದ್ಯುತ್ತು ಯೂನಿಟ್ಟಿಗೆ 2 ರೂಪಾಯಿ 74 ಪೈಸೆ, ಇನ್ನೊಂದರದ್ದು 2 ರೂಪಾಯಿ 90 ಪೈಸೆ ಬೀಳುತ್ತಿದ್ದರೆ, ಅಗ್ಗದ್ದನ್ನು ಪೂರ್ತಿ ಓಡಿಸಿ ಉಳಿದದ್ದನ್ನಷ್ಟೇ ದುಬಾರಿ ಘಟಕಕ್ಕೆ ಬಿಡಬೇಕಲ್ಲವೇ? ಪಠ್ಯದಲ್ಲಿ ಮಾತ್ರ ಎರಡರ ಹೆಚ್ಚುವರಿ ವೆಚ್ಚವೂ ಸಮ ಆಗಬೇಕು ಎಂದಿದೆ. ಯಾಕೆ?

ಉತ್ತರ: ನೀವು ಕೊಟ್ಟ ಎರಡೂ ದರಗಳು ಸರಾಸರಿಗಳು. ಗಂಟೆಯ ಒಟ್ಟು ಖರ್ಚನ್ನು ಆ ಗಂಟೆಯ ಉತ್ಪಾದನೆಯಿಂದ ಭಾಗಿಸಿದರೆ ಸರಾಸರಿ ಸಿಗುತ್ತದೆ. ಆದರೆ ಹೊರೆಯನ್ನು ಹಂಚುವವರ ಮುಂದಿರುವ ಪ್ರಶ್ನೆ ಬೇರೆ: ಮುಂದಿನ ಒಂದು ಮೆಗಾವ್ಯಾಟ್ ಯಾರಿಂದ ಬಂದರೆ ಕಡಿಮೆ ಖರ್ಚು? ಈ ಎರಡಕ್ಕೂ ಎಷ್ಟೋ ಸಲ ತದ್ವಿರುದ್ಧ ಉತ್ತರ ಬರುತ್ತದೆ. ನಿಮ್ಮ ದರಗಳಿಗೇ ಹೊಂದುವಂತೆ ಎರಡು ವೆಚ್ಚ ರೇಖೆಗಳನ್ನು ಇಟ್ಟುಕೊಂಡು ನೋಡೋಣ. ಇವು ಲೆಕ್ಕಕ್ಕಾಗಿ ಹಾಕಿಕೊಂಡವು, ಯಾವುದೇ ಕೇಂದ್ರದ್ದಲ್ಲ. P ಮೆಗಾವ್ಯಾಟ್‌ನಲ್ಲಿ, F ಗಂಟೆಗೆ ರೂಪಾಯಿಗಳಲ್ಲಿ:

F1 = 60000 + 2000 P1 + 2 P1²
F2 = 40000 + 2200 P2 + 3 P2²

ಮೊದಲ ಘಟಕದ ಮಿತಿ 140ರಿಂದ 250 ಮೆಗಾವ್ಯಾಟ್, ಎರಡನೆಯದ್ದು 100ರಿಂದ 180. ಬೇಡಿಕೆ 350 ಮೆಗಾವ್ಯಾಟ್. ನೀವು ಹೇಳಿದಂತೆ ಮೊದಲನೆಯದನ್ನು 250ಕ್ಕೆ ಏರಿಸಿ, ಎರಡನೆಯದನ್ನು 100ರಲ್ಲಿ ಇಡೋಣ. ಮೊದಲನೆಯದರ ಖರ್ಚು ಗಂಟೆಗೆ 6,85,000 ರೂಪಾಯಿ, ಅಂದರೆ ಯೂನಿಟ್ಟಿಗೆ 2 ರೂಪಾಯಿ 74 ಪೈಸೆ. ಎರಡನೆಯದರದ್ದು 2,90,000, ಯೂನಿಟ್ಟಿಗೆ 2 ರೂಪಾಯಿ 90 ಪೈಸೆ. ಒಟ್ಟು 9,75,000.

ಈಗ ಒಂದೇ ಒಂದು ಮೆಗಾವ್ಯಾಟ್ ಆಚೀಚೆ ಮಾಡಿ ನೋಡಿ. ಮೊದಲ ಘಟಕವನ್ನು 249ಕ್ಕೆ ಇಳಿಸಿದರೆ ಅಲ್ಲಿ 2998 ರೂಪಾಯಿ ಉಳಿಯುತ್ತದೆ. ಎರಡನೆಯದನ್ನು 101ಕ್ಕೆ ಏರಿಸಿದರೆ ಅಲ್ಲಿ ತಗಲುವುದು 2803 ಮಾತ್ರ. ಬೇಡಿಕೆ ಪೂರೈಸಿಯೂ ಗಂಟೆಗೆ 195 ರೂಪಾಯಿ ಮಿಕ್ಕಿತು. ಸರಾಸರಿಯಲ್ಲಿ ದುಬಾರಿ ಎನಿಸಿದ ಘಟಕವೇ ಮುಂದಿನ ಮೆಗಾವ್ಯಾಟನ್ನು ಅಗ್ಗವಾಗಿ ಕೊಡುತ್ತಿದೆ. ಇಂಥ ಲಾಭ ಸಿಗುವವರೆಗೂ ಹೊರೆಯನ್ನು ಮೊದಲನೆಯದರಿಂದ ಎರಡನೆಯದಕ್ಕೆ ವರ್ಗಾಯಿಸುತ್ತ ಹೋಗಬೇಕು. ಅದು ನಿಲ್ಲುವುದು ಎರಡೂ ಕಡೆ ಹೆಚ್ಚುವರಿ ವೆಚ್ಚ ಒಂದೇ ಆದಾಗ. ಪಠ್ಯದ ನಿಯಮ ಹೇಳುವುದು ಇಷ್ಟನ್ನೇ.

ಹೆಚ್ಚುವರಿ ವೆಚ್ಚ ಎಂದರೆ ವೆಚ್ಚ ರೇಖೆಯ ಇಳಿಜಾರು. ಮೊದಲನೆಯದಕ್ಕೆ 2000 + 4 P1, ಎರಡನೆಯದಕ್ಕೆ 2200 + 6 P2. ಎರಡನ್ನೂ ಸಮ ಮಾಡಿ, P1 + P2 = 350 ಎಂದು ಸೇರಿಸಿದರೆ P1 = 230, P2 = 120. ಎರಡೂ ಕಡೆ ಹೆಚ್ಚುವರಿ ವೆಚ್ಚ 2920, ಅಂದರೆ ಯೂನಿಟ್ಟಿಗೆ 2 ರೂಪಾಯಿ 92 ಪೈಸೆ. ಇದನ್ನೇ ಪುಸ್ತಕಗಳಲ್ಲಿ λ ಎಂದು ಬರೆಯುತ್ತಾರೆ. ಒಟ್ಟು ಖರ್ಚು 9,73,000ಕ್ಕೆ ಇಳಿಯಿತು, ಗಂಟೆಗೆ 2000 ರೂಪಾಯಿ ಉಳಿತಾಯ. ಹೊರೆಯನ್ನು 175–175 ಎಂದು ಸಮಪಾಲು ಮಾಡಿದ್ದರೆ ಖರ್ಚು 9,88,125 ಆಗುತ್ತಿತ್ತು. ಉತ್ತರ ಸರಿಯೇ ಎಂದು ಪರೀಕ್ಷಿಸುವುದೂ ಸುಲಭ: 230–120ರಿಂದ ಒಂದು ಮೆಗಾವ್ಯಾಟನ್ನು ಯಾವ ಕಡೆಗೆ ಸರಿಸಿದರೂ ಖರ್ಚು 5 ರೂಪಾಯಿ ಏರುತ್ತದೆ.

ಹಂಚಿಕೆಯನ್ನು ಕಂಡುಹಿಡಿದ ಲೆಕ್ಕದಲ್ಲಿ 60000, 40000 ಎಂಬ ಸ್ಥಿರ ಅಂಕಿಗಳು ಎಲ್ಲೂ ಬರಲಿಲ್ಲ ಎಂಬುದನ್ನು ಗಮನಿಸಿ. ಸರಾಸರಿಯನ್ನು ಅವು ಬದಲಿಸುತ್ತವೆ, ಹಂಚಿಕೆಯನ್ನು ಬದಲಿಸುವುದಿಲ್ಲ. ಎರಡೂ ಘಟಕಗಳು ಓಡುತ್ತಿರುವಷ್ಟು ಹೊತ್ತು ಆ ಖರ್ಚು ಹೇಗೂ ಇದ್ದೇ ಇರುತ್ತದೆ. ಒಂದು ಘಟಕವನ್ನು ನಿಲ್ಲಿಸಬೇಕೇ ಎಂಬ ಪ್ರಶ್ನೆ ಎದ್ದಾಗ ಮಾತ್ರ ಅವಕ್ಕೆ ಬೆಲೆ. ಬೇಡಿಕೆ 250ಕ್ಕೆ ಇಳಿದಾಗ ಎರಡನ್ನೂ 150–100ರಲ್ಲಿ ಓಡಿಸಿದರೆ 6,95,000 ಆಗುತ್ತದೆ, ಮೊದಲನೆಯದೊಂದೇ ಓಡಿದರೆ 6,85,000. ಆದರೆ ಬಾಯ್ಲರನ್ನು ಆರಿಸಿ ಮತ್ತೆ ಹೊತ್ತಿಸಲು ಎಣ್ಣೆಯೂ ಗಂಟೆಗಟ್ಟಲೆ ಸಮಯವೂ ಬೇಕು. ಆ ತೀರ್ಮಾನ ಬೇರೆಯೇ ಲೆಕ್ಕ, λ ಅದನ್ನು ಹೇಳಲಾರದು.

ಮಿತಿ ತಾಗಿದಾಗ ಸಮತೆಯೂ ಮುರಿಯುತ್ತದೆ. ಬೇಡಿಕೆ 400 ಆದರೆ ಸಮೀಕರಣ ಮೊದಲ ಘಟಕಕ್ಕೆ 260 ಎನ್ನುತ್ತದೆ, ಅದರ ಸಾಮರ್ಥ್ಯವೇ 250. ಆಗ ಅದನ್ನು 250ರಲ್ಲಿ ನಿಲ್ಲಿಸಿ 150ನ್ನು ಎರಡನೆಯದಕ್ಕೆ ಕೊಡಬೇಕು. ಒಂದರ ಹೆಚ್ಚುವರಿ ವೆಚ್ಚ 3000, ಇನ್ನೊಂದರದ್ದು 3100. ಸಮ ಇಲ್ಲ, ಆದರೂ ಇದೇ ಅತಿ ಕಡಿಮೆ ಖರ್ಚು, ಏಕೆಂದರೆ ಅಗ್ಗದ ಕಡೆ ಇನ್ನು ಏರಿಸಲು ಜಾಗವಿಲ್ಲ. ಮುಂದಿನ ಮೆಗಾವ್ಯಾಟ್ ಬರುವುದು ಎರಡನೆಯದರಿಂದಲೇ ಆದ್ದರಿಂದ λ ಈಗ 3100. ಗರಿಷ್ಠ ಮಿತಿಯಲ್ಲಿ ನಿಂತ ಘಟಕದ ಹೆಚ್ಚುವರಿ ವೆಚ್ಚ λಗಿಂತ ಕಡಿಮೆ ಇರಬೇಕು, ಕನಿಷ್ಠ ಮಿತಿಯಲ್ಲಿ ನಿಂತದ್ದರದ್ದು ಹೆಚ್ಚಿರಬೇಕು. ಉತ್ತರದಲ್ಲಿ ಇದು ತಲೆಕೆಳಗಾಗಿ ಕಂಡರೆ ಲೆಕ್ಕ ತಪ್ಪಿದೆ ಎಂದೇ ಅರ್ಥ.

ವಿದ್ಯಾರ್ಥಿಗಳು ಸಾಮಾನ್ಯವಾಗಿ ನೋಡದೆ ಬಿಡುವ ಇನ್ನೊಂದು ಅಂಶವಿದೆ: P²ನ ಮುಂದಿರುವ ಅಂಕಿಯ ಚಿಹ್ನೆ. ವೆಚ್ಚ ರೇಖೆಯನ್ನು ಯಾರೂ ಊಹಿಸಿ ಬರೆಯುವುದಿಲ್ಲ. ಘಟಕವನ್ನು ಕೆಲವು ಹೊರೆಗಳಲ್ಲಿ ಸ್ಥಿರವಾಗಿ ಓಡಿಸಿ, ಉರಿದ ಕಲ್ಲಿದ್ದಲು ಎಷ್ಟು, ಅದರ ಶಾಖಮೌಲ್ಯ ಎಷ್ಟು ಎಂದು ಅಳೆದು, ಸಿಕ್ಕ ಬಿಂದುಗಳಿಗೆ ವರ್ಗ ಸಮೀಕರಣ ಹೊಂದಿಸುತ್ತಾರೆ. ಕಲ್ಲಿದ್ದಲು ಒಂದೊಂದು ರೇಕ್‌ಗೂ ಬೇರೆಯಾಗಿ ಬಂದರೆ ಅಳತೆ ಅಲ್ಲಾಡುತ್ತದೆ, ಆ ಅಂಕಿ ಋಣವಾಗಿಯೂ ಬರಬಹುದು. ಆಗ ಹೊರೆ ಏರಿದಂತೆ ಹೆಚ್ಚುವರಿ ವೆಚ್ಚ ಇಳಿಯುತ್ತದೆ. ಎರಡೂ ರೇಖೆಗಳು ಹೀಗಿದ್ದರೆ ಸಮ ಮಾಡಿ ಸಿಗುವ ಬಿಂದು ಅತಿ ಕಡಿಮೆ ಖರ್ಚಿನದ್ದಲ್ಲ, ಅತಿ ಹೆಚ್ಚು ಖರ್ಚಿನದ್ದು! ಸಮೀಕರಣ ಯಾವ ಎಚ್ಚರಿಕೆಯನ್ನೂ ಕೊಡದೆ ಅದನ್ನೇ ಉತ್ತರವೆಂದು ಒಪ್ಪಿಸುತ್ತದೆ. ಮೇಲೆ ಮಾಡಿದ ಒಂದು ಮೆಗಾವ್ಯಾಟ್ ಪರೀಕ್ಷೆ ಇಲ್ಲಿ ನಿಮ್ಮನ್ನು ಕಾಯುತ್ತದೆ: ಸರಿಸಿದಾಗ ಖರ್ಚು ಇಳಿದರೆ ಆ ಉತ್ತರವನ್ನು ನಂಬಬೇಡಿ.

ಪ್ರಸರಣ ಮಾರ್ಗದ ನಷ್ಟವನ್ನು ಇಲ್ಲಿ ಬಿಟ್ಟಿದ್ದೇನೆ. ಮೊದಲ ಘಟಕ ದೂರದಲ್ಲಿದ್ದು, ಅದು ಹೆಚ್ಚಿಗೆ ಕೊಡುವ ಪ್ರತಿ ಮೆಗಾವ್ಯಾಟ್‌ನಲ್ಲಿ ಶೇಕಡಾ 5 ದಾರಿಯಲ್ಲೇ ಸೋರಿದರೆ, ಅದರ 2920 ರೂಪಾಯಿಯನ್ನು 0.95ರಿಂದ ಭಾಗಿಸಬೇಕು. ಊರು ಮುಟ್ಟುವಾಗ ಅದು ಸುಮಾರು 3074 ಆಗಿರುತ್ತದೆ. ಹೀಗೆ ತಿದ್ದಿದ ಅಂಕಿಗಳನ್ನು ಸಮ ಮಾಡಬೇಕು, ಹೊರೆ ಇನ್ನಷ್ಟು ಎರಡನೆಯದರ ಕಡೆಗೆ ವಾಲುತ್ತದೆ.

ಹಾಗಾದರೆ ನಿಮ್ಮ ಆಲೋಚನೆ ಪೂರ್ತಿ ತಪ್ಪೇ? ಅಲ್ಲ. ವೆಚ್ಚ ರೇಖೆ ಬಾಗದೆ ನೇರವಾಗಿದ್ದರೆ ಇಳಿಜಾರು ಎಲ್ಲ ಹೊರೆಯಲ್ಲೂ ಒಂದೇ. ಆಗ ಇಳಿಜಾರು ಕಡಿಮೆ ಇರುವ ಘಟಕವನ್ನು ಮೊದಲು ತುಂಬಿಸುವುದೇ ಸರಿ. ನಮ್ಮ ದೇಶದಲ್ಲಿ ಅಂತಾರಾಜ್ಯ ಉಷ್ಣ ಕೇಂದ್ರಗಳ ಹೊರೆಯನ್ನು ಕಡಿಮೆ ಖರ್ಚಿಗೆ ಹಂಚುವ ವ್ಯವಸ್ಥೆ 2019ರ ಏಪ್ರಿಲ್‌ನಲ್ಲಿ ಪ್ರಯೋಗವಾಗಿ ಶುರುವಾದಾಗ ಬಳಸಿದ್ದು ಪ್ರತಿ ಕೇಂದ್ರ ತಿಳಿಸಿದ ಒಂದೇ ಬದಲಾಗುವ ದರವನ್ನು, ಬಾಗಿದ ರೇಖೆಯನ್ನಲ್ಲ. ಪಠ್ಯದ ನಿಯಮ ಅಲ್ಲಿಯೂ ಸುಳ್ಳಾಗುವುದಿಲ್ಲ, ಬಹುಪಾಲು ಕೇಂದ್ರಗಳು ಒಂದಲ್ಲ ಒಂದು ಮಿತಿಯಲ್ಲಿ ನಿಲ್ಲುತ್ತವೆ ಅಷ್ಟೇ. ನೀವು ಕೊಟ್ಟ 2.74 ಮತ್ತು 2.90 ಮಾತ್ರ ಇಳಿಜಾರುಗಳಲ್ಲ. ಪರೀಕ್ಷೆಯಲ್ಲಾಗಲಿ ಕೆಲಸದಲ್ಲಾಗಲಿ ಯಾರಾದರೂ ಯೂನಿಟ್ ದರ ಕೊಟ್ಟು ಹೊರೆ ಹಂಚಿ ಎಂದರೆ, ಇದು ಸರಾಸರಿಯೋ ಮುಂದಿನ ಮೆಗಾವ್ಯಾಟ್‌ನದ್ದೋ ಎಂದು ಮೊದಲು ಕೇಳಿ. ರೂಢಿಗೆ ಬೇಡಿಕೆ 320 ಎಂದು ಇಟ್ಟುಕೊಂಡು ಒಮ್ಮೆ ಮಾಡಿ ನೋಡಿ: 212 ಮತ್ತು 108, λ 2848 ಬರಬೇಕು.