ಪಕ್ಕದ ಮಂಚಕ್ಕೆ ದಾಟುವ ಸೋಂಕು

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲರೊಬ್ಬರು ಜಾರಿ ಬಿದ್ದು, ತೊಡೆ ಎಲುಬು ಮುರಿದು, ಹಾವೇರಿಯಲ್ಲೋ ರಾಣೆಬೆನ್ನೂರಿನಲ್ಲೋ ಆಸ್ಪತ್ರೆ ಸೇರಿದ್ದಾರೆ ಅಂದುಕೊಳ್ಳಿ. ಎದ್ದು ಓಡಾಡಲಾಗದ್ದರಿಂದ ಮೂತ್ರಕ್ಕೆ ಪೈಪ್ ಹಾಕಿದ್ದಾರೆ. ಐದನೇ ದಿನ ಚಳಿಜ್ವರ ಬಂತು.

ಇಂಥ ಜ್ವರ ಔಷಧಿ ಕೊಟ್ಟರೂ ಇಳಿಯದಿದ್ದರೆ, ಔಷಧಿ ಮೈಗೆ ಒಗ್ಗಿಹೋಗಿದೆ, ಅದಕ್ಕೇ ನಾಟುತ್ತಿಲ್ಲ ಎಂದು ಬಹಳ ಜನ ಹೇಳುತ್ತಾರೆ. ಬದಲಾಗುವುದು ಮೈಯಲ್ಲ, ಬ್ಯಾಕ್ಟೀರಿಯಾ. ಒಂದೇ ಔಷಧಿ ಹೊಡೆಯುತ್ತಾ ಹೋದರೆ ಸಾಯದ ನುಸಿಯೇ ಗಿಡದಲ್ಲಿ ಉಳಿದು ಮರಿ ಮಾಡುತ್ತದೆ ಎಂಬುದನ್ನು ಮೆಣಸಿನಕಾಯಿ ಬೆಳೆಗಾರರಿಗೆ ಹೇಳಿಕೊಡಬೇಕಿಲ್ಲ. ನಮ್ಮ ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಆಗುವುದೂ ಅದೇ. ಜೊತೆಗೆ ಇನ್ನೊಂದು ಕೇಡಿದೆ: ಆ್ಯಂಟಿಬಯಾಟಿಕ್ ಅನ್ನು ಒಡೆದುಹಾಕುವ ಜೀನನ್ನು ಒಂದು ಬ್ಯಾಕ್ಟೀರಿಯಾ ಪಕ್ಕದ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸಬಲ್ಲದು.

ನಮ್ಮ ಹಮಾಲರ ಮೂತ್ರವನ್ನು ಕಲ್ಚರ್‌ಗೆ ಕಳಿಸಬೇಕು, ಅದೂ ಆ್ಯಂಟಿಬಯಾಟಿಕ್‌ನ ಮೊದಲ ಡೋಸಿಗಿಂತ ಮುಂಚೆ. ಚೀಲದಲ್ಲಿ ನಿಂತ ಮೂತ್ರ ಬೇಡ, ಅಲ್ಲಿ ಏನು ಬೇಕಾದರೂ ಬೆಳೆದಿರುತ್ತದೆ. ಪೈಪಿನಲ್ಲಿರುವ ಸ್ಯಾಂಪಲ್ ಪೋರ್ಟ್ ಒರೆಸಿ ಸಿರಿಂಜಿನಿಂದ ತೆಗೆಯಬೇಕು. ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ಒಂದು ದಿನ, ಯಾವ ಔಷಧಿಗೆ ಸಾಯುತ್ತದೆಂದು ತಿಳಿಯಲು ಸಾಮಾನ್ಯವಾಗಿ ಇನ್ನೊಂದು ದಿನ. ರೋಗಿ ಅಷ್ಟು ಕಾಯಲಾರ. ಹಾಗಾಗಿ ಡಾಕ್ಟರು ಅಂದಾಜಿನ ಮೇಲೆ ಮೆರೊಪೆನಮ್‌ನಂಥ ದೊಡ್ಡ ಇಂಜೆಕ್ಷನ್ ಶುರು ಮಾಡಿದರೆ ತಪ್ಪೆನ್ನಲಾಗದು.

ತಪ್ಪಾಗುವುದು ಮೂರನೇ ದಿನ. ರಿಪೋರ್ಟ್ ಬಂದಿದೆ, ಜೆಂಟಾಮೈಸಿನ್ ಸಾಕು ಎನ್ನುತ್ತದೆ, ಜ್ವರವೂ ಇಳಿದಿದೆ. ‘ನಡೀತಿದೆಯಲ್ಲ, ನಡೀಲಿ’ ಎಂದು ಮೆರೊಪೆನಮ್ ಮುಂದುವರಿಯುತ್ತದೆ. ಆ್ಯಂಟಿಬಯಾಟಿಕ್ ಸ್ಟೀವರ್ಡ್‌ಶಿಪ್ ಎಂಬ ಭಾರೀ ಹೆಸರಿನ ಕೆಲಸದಲ್ಲಿ ಮುಖ್ಯ ಪಾಲು ಈ ಮೂರನೇ ದಿನದ್ದು: ಕೇಸ್ ಶೀಟ್ ತೆರೆದು, ಕಿಡ್ನಿ ಹೇಗಿದೆ ನೋಡಿ, ಚಿಕ್ಕ ಔಷಧಿಗೆ ಇಳಿದು, ನಿಲ್ಲಿಸುವ ತಾರೀಖು ಬರೆಯುವುದು. ಜ್ವರವಿಲ್ಲ, ನೋವಿಲ್ಲ, ಕಲ್ಚರ್‌ನಲ್ಲಿ ಮಾತ್ರ ಬ್ಯಾಕ್ಟೀರಿಯಾ ಬಂದಿದೆ ಎಂದರೆ ಸಾಮಾನ್ಯವಾಗಿ ಔಷಧಿಯೇ ಬೇಡ. ಪೈಪ್ ಇದ್ದಷ್ಟು ದಿನ ಬ್ಯಾಕ್ಟೀರಿಯಾ ಸೇರಿಕೊಳ್ಳುವುದು ಸಹಜ. ಬೇಗ ಪೈಪ್ ತೆಗೆಯುವುದೇ ಒಳ್ಳೆಯ ಚಿಕಿತ್ಸೆ.

ಇಷ್ಟೆಲ್ಲ ಮಾಡಿದರೂ ಸೋಂಕು ಪಕ್ಕದ ಮಂಚಕ್ಕೆ ಹೋಗಬಹುದು. ಮೂತ್ರದ ಚೀಲಗಳನ್ನು ಖಾಲಿ ಮಾಡಲು ಇಡೀ ವಾರ್ಡಿಗೆ ಒಂದೇ ಜಗ್, ಒಂದೇ ಜೊತೆ ಗ್ಲೌಸ್. ಗ್ಲೌಸ್ ಉಳಿಸುವುದು ಸಿಬ್ಬಂದಿಯ ಕೈಯನ್ನು, ಮುಂದಿನ ರೋಗಿಯನ್ನಲ್ಲ. ಒಬ್ಬೊಬ್ಬರಿಗೂ ಬೇರೆ ಜಗ್, ಪ್ರತಿ ಸಲ ಹೊಸ ಗ್ಲೌಸ್, ಅದನ್ನು ಕಳಚಿದ ಮೇಲೆ 20–30 ಸೆಕೆಂಡ್ ಸ್ಯಾನಿಟೈಸರ್ ಉಜ್ಜುವುದು, ಚೀಲವನ್ನು ಮೂತ್ರಕೋಶಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗದಂತೆ ತೂಗುಹಾಕುವುದು. ಇದಕ್ಕೆ ದೊಡ್ಡ ಖರ್ಚಿಲ್ಲ. ಕಷ್ಟವೇನಿದ್ದರೂ ರಾತ್ರಿ ಪಾಳಿಯಲ್ಲಿ ಒಬ್ಬರೇ ನರ್ಸ್ ಇದ್ದಾಗ.

ಒಂದೇ ವಾರದಲ್ಲಿ ಒಂದೇ ವಾರ್ಡಿನ ಇಬ್ಬರು ರೋಗಿಗಳಲ್ಲಿ ಒಂದೇ ಬ್ಯಾಕ್ಟೀರಿಯಾ, ಅದೇ ಔಷಧಿಗಳಿಗೆಲ್ಲ ಬಗ್ಗದ್ದು ಕಂಡುಬಂದರೆ ಹರಡುತ್ತಿದೆಯೆಂಬ ಅನುಮಾನ ಬರಬೇಕು. ಆಗ ಚೀಟಿಯಲ್ಲಿರುವ ಔಷಧಿಯ ಜೊತೆಗೆ ಆ ವಾರ್ಡಿನ ಜಗ್ಗುಗಳನ್ನೂ ಎಣಿಸಿ ನೋಡಬೇಕು.