ಮಕ್ಕಳೆಲ್ಲ ಕುರಿ, ದೊಡ್ಡವರು ಹುಲಿ

ಪ್ರಶ್ನೆ: ನಮ್ಮ ಮನೆಯಲ್ಲಿ ಆರು, ಒಂಬತ್ತು, ಹನ್ನೆರಡು ವರ್ಷದ ಮೂವರು ಮಕ್ಕಳಿದ್ದಾರೆ. ಸಂಜೆ ಲುಡೋ ಹಾಸಿದರೆ ಒಬ್ಬರಾದರೂ ಅತ್ತುಕೊಂಡೇ ಏಳುತ್ತಾರೆ. ಮೂವರೂ ಒಂದೇ ಪಕ್ಷವಾಗಿ, ತಲೆ ಓಡಿಸಿ ಆಡುವಂಥ ಆಟ ಇದೆಯೇ? ಗೋಕಾಕ, ಹುಕ್ಕೇರಿ ಎರಡೂ ಕಡೆ ಹುಡುಕಿದೆ. ಲುಡೋ, ಹಾವು-ಏಣಿ, ಕೇರಂ ಬಿಟ್ಟು ಬೇರೆ ಸಿಗಲಿಲ್ಲ.
(ಓದುಗರೊಬ್ಬರು, ಮೂಡಲಗಿ)

ಉತ್ತರ: ಅಂಗಡಿಗೆ ಹೋಗುವ ಅಗತ್ಯವೇ ಇಲ್ಲ. ಒಂದು ಖಡು, ಹದಿನೈದು ಹುಣಸೆಬೀಜ, ಮೂರು ಹರಳು ಇದ್ದರೆ ಹುಲಿ-ಕುರಿ ಆಟ ಸಿದ್ಧ. ಎಲ್ಲರೂ ಸೇರಿ ಗೆಲ್ಲುವ ಪೆಟ್ಟಿಗೆಯ ಆಟಗಳೂ ಇವೆ. ಮ್ಯಾಟ್ ಲೀಕಾಕ್ ರೂಪಿಸಿ 2008ರಲ್ಲಿ ಬಂದ ‘ಪ್ಯಾಂಡೆಮಿಕ್’ ಅಂಥದ್ದು. ಆದರೆ ಅದರ ಚೀಟಿಗಳನ್ನು ಇಂಗ್ಲಿಷಿನಲ್ಲಿ ಓದಬೇಕು. ನಿಮ್ಮ ಆರರ ಮಗುವಿಗೆ ಅದು ಆಗದು.

ಫರಸಿಯ ಮೇಲೆ ಮನೆ ಬರೆಯುವುದು ಹೀಗೆ. ಮೇಲೊಂದು ತುದಿಬಿಂದು ಇಟ್ಟು, ಅಲ್ಲಿಂದ ಕೆಳಗೆ ಬೀಸಣಿಗೆಯಂತೆ ನಾಲ್ಕು ಗೆರೆ ಎಳೆಯಿರಿ. ಅವುಗಳ ಕಾಲುಗಳನ್ನು ಒಂದು ಅಡ್ಡಗೆರೆಯಿಂದ ಕೂಡಿಸಿ. ಅದು ಬುಡದ ಸಾಲು. ನಡುವೆ ನಾಲ್ಕೂ ಗೆರೆಗಳನ್ನು ದಾಟಿ ಎರಡೂ ಬದಿಗೆ ಚಾಚುವ ಮೂರು ಅಡ್ಡಗೆರೆ ಎಳೆದು, ಎಡ ತುದಿಗಳನ್ನೂ ಬಲ ತುದಿಗಳನ್ನೂ ನೆಟ್ಟಗೆ ಜೋಡಿಸಿದರೆ ಒಂದು ಆಯತವಾಗುತ್ತದೆ. ಗೆರೆ ಸೇರುವ ಜಾಗಗಳು ಒಟ್ಟು 23.

ಹುಲಿ ಮೂರು: ಒಂದು ತುದಿಯಲ್ಲಿ, ಎರಡು ಅದರ ಕೆಳಗಿನ ಸಾಲಿನ ನಟ್ಟನಡುವಿನ ಎರಡು ಬಿಂದುಗಳಲ್ಲಿ. ಒಂದು ಕುರಿ ಇಟ್ಟರೆ ಒಂದು ಹುಲಿ ಒಂದು ಹೆಜ್ಜೆ ನಡೆಯುತ್ತದೆ. ಪಕ್ಕದ ಕುರಿಯ ಆಚೆ ಅದೇ ಗೆರೆಯಲ್ಲಿ ಜಾಗ ಖಾಲಿ ಇದ್ದರೆ ಹುಲಿ ಹಾರಿ ಕುರಿಯನ್ನು ತಿನ್ನಬಹುದು. ಹದಿನೈದೂ ಕುರಿ ಇಳಿಯುವತನಕ ಯಾವ ಕುರಿಯೂ ಕದಲುವಂತಿಲ್ಲ. ಮೂರೂ ಹುಲಿಗೆ ದಾರಿ ಕಟ್ಟಿದರೆ ಕುರಿಗಳ ಗೆಲುವು. ಎಷ್ಟು ಕುರಿ ಹೋದರೆ ಸೋಲು ಎಂಬುದು ಮನೆಮನೆಗೂ ಬೇರೆ. ನೀವು ಐದಕ್ಕೆ ನಿಲ್ಲಿಸಿ.

ಮೊದಲ ದಿನ ಮಕ್ಕಳು ಮಾಡುವ ತಪ್ಪು ಒಂದೇ. ಹುಲಿಯನ್ನು ತಡೆಯುತ್ತೇವೆಂದು ಅದರ ಮೂತಿಯ ಮುಂದೆಯೇ ಕುರಿ ಇಡುತ್ತಾರೆ. ಹಿಂದೆ ಖಾಲಿ, ಹುಲಿ ಹಾರಿತು, ಕುರಿ ಹೋಯಿತು. ಆಗ ಬೈಯದೆ, ‘ಹುಲಿ ಎಲ್ಲಿ ಇಳೀತು?’ ಎಂದಷ್ಟೇ ಕೇಳಿ. ಮುಂದಿನ ಸಲ ಅವರೇ ಇಳಿಯುವ ಜಾಗ ನೋಡುತ್ತಾರೆ. ಹಾಗೆ ನೋಡುತ್ತ ಹೋದರೆ ಮೇಲಿನ ತುದಿಬಿಂದುವಲ್ಲದೆ ಇನ್ನೂ ಆರು ಜಾಗದಲ್ಲಿ ಹುಲಿ ಕುರಿಯನ್ನು ಮುಟ್ಟಲಾರದೆಂದು ಕಾಣುತ್ತದೆ: ಆಯತದ ನಾಲ್ಕು ಮೂಲೆ, ಬುಡದ ಎರಡು ತುದಿ. ಅಲ್ಲಿ ಗೆರೆಯೇ ಮುಗಿಯುವುದರಿಂದ ಆಚೆಗೆ ಇಳಿಯಲು ಜಾಗವಿಲ್ಲ. ಆ ಆರನ್ನು ತುಂಬಿದ ಮೇಲೆ ಅವುಗಳ ನಡುವಿನ ನಾಲ್ಕು ಜಾಗಗಳೂ ಭದ್ರ, ಅಂದರೆ ಬುಡದ ಒಳಗಿನ ಎರಡು ಮತ್ತು ಆಯತದ ಎರಡು ಪಕ್ಕಗಳ ನಡುಬಿಂದುಗಳು. ಆ ಆರು ಕುರಿ ಕದಲದಿದ್ದರೆ ಸಾಕು. ಆಮೇಲೆ ಬುಡದ ಮೇಲಿನ ಸಾಲನ್ನು ಅಂಚಿನಿಂದ ಒಳಕ್ಕೆ ತುಂಬುತ್ತ ಬರಬೇಕು. ಹುಲಿ ಆಡುವವರು ಬಲ್ಲವರಾದರೆ ಇದಕ್ಕೆ ಬಿಡುವುದಿಲ್ಲ. ಮೊದಲೇ ಬಂದು ಅಂಚಿನಲ್ಲಿ ಕೂರುತ್ತಾರೆ. ಕೂರಲಿ, ಅಂಚಿನ ಹುಲಿಯನ್ನು ಕಟ್ಟಿಹಾಕುವುದು ನಡುವಿನ ಹುಲಿಗಿಂತ ಸುಲಭ.

ಕಷ್ಟ ಶುರುವಾಗುವುದು ಕುರಿಗಳು ನಡೆಯತೊಡಗಿದಾಗ. ತುದಿಯಲ್ಲಿ ಹುಲಿ ಇದೆ, ಎಡಗೆರೆಯ ಎರಡನೇ ಸಾಲಿನ ಕುರಿಯನ್ನು ಮಗು ಮೊದಲ ಸಾಲಿಗೆ ಏರಿಸಿತು ಎನ್ನಿ. ಆ ಕುರಿ ಬಿಟ್ಟುಬಂದ ಜಾಗವೇ ಹುಲಿ ಇಳಿಯುವ ಜಾಗ! ಆದ್ದರಿಂದ ಮುಂದಿನ ಕುರಿ ಏರುವ ಮೊದಲು ಬೆನ್ನಿಗೆ ಬರುವ ಕುರಿ ಯಾವುದೆಂದು ಕೇಳುವುದನ್ನು ರೂಢಿಸಿ. ಕೂಡಿ ಆಡುವುದೆಂದರೆ ಇಲ್ಲಿ ಇದೇ. ಒಂಟಿ ಕುರಿ ಏನೂ ಮಾಡಲಾರದು.

ಇನ್ನೊಂದು ತೊಡಕು ಖಂಡಿತ ಬರುತ್ತದೆ. ಹನ್ನೆರಡರವನು ಎಲ್ಲರ ಆಟವನ್ನೂ ತಾನೇ ಆಡತೊಡಗುತ್ತಾನೆ. ಆರರವಳು ಹೇಳಿದಲ್ಲಿ ಬೀಜ ಇಟ್ಟು ಆಕಳಿಸುತ್ತಾಳೆ. ಪೆಟ್ಟಿಗೆಯ ಆಟಗಳಲ್ಲೂ ಇದೇ ಗೋಳು. ಅದಕ್ಕೆ ಕುರಿಗಳನ್ನು ಹಂಚಿಬಿಡಿ: ಒಬ್ಬರಿಗೆ ಐದು ಹುಣಸೆಬೀಜ, ಒಬ್ಬರಿಗೆ ಐದು ಕಡಲೆಕಾಳು, ಒಬ್ಬರಿಗೆ ಐದು ಜೋಳದ ಕಾಳು. ಇಳಿಸುವಾಗ ಸರದಿಯಂತೆ ಇಡಲಿ. ನಡೆಸುವಾಗ ಯಾವ ಕುರಿ ಎಂದು ಮೂವರೂ ಮಾತಾಡಲಿ, ಆದರೆ ಒಡೆಯರ ಒಪ್ಪಿಗೆಯಿಲ್ಲದೆ ಯಾರೂ ಅದನ್ನು ಮುಟ್ಟಬಾರದು. ಅಣ್ಣ ‘ಅಲ್ಲಿಡು’ ಅನ್ನುವ ಹಾಗಿಲ್ಲ, ‘ಅಲ್ಲಿಟ್ಟರೆ ಯಾವ ಹುಲಿ ಬರುತ್ತೆ?’ ಎಂದು ಕೇಳಬಹುದು. ಹುಲಿಗೆ ಗೋಕಾಕದ ಬಣ್ಣದ ಚಿಕ್ಕ ಬೊಂಬೆಗಳು ಸಿಕ್ಕರೆ ಸಣ್ಣವರಿಗೆ ಖುಷಿ.

ಆರರ ಮಗುವಿಗೆ ಮೊದಮೊದಲು ಎರಡೇ ಹುಲಿ ಸಾಕು. ನೀವು ಹುಲಿಯಾದರೆ ಬೇಕೆಂದೇ ಸೋಲಬೇಡಿ. ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ. ಅದರ ಬದಲು ಹಾರುವ ಮೊದಲು ‘ಹುಲಿಗೆ ಹಸಿವಾಗಿದೆ’ ಎಂದು ಎಚ್ಚರಿಸಿ, ಒಂದು ನಡೆ ಹಿಂದಕ್ಕೆ ತೆಗೆದುಕೊಳ್ಳಲು ಬಿಡಿ. ಇಬ್ಬರೂ ಅದೇ ನಡೆಯನ್ನು ಹಿಂದೆಮುಂದೆ ಮಾಡುತ್ತಿದ್ದರೆ ಮೂರನೇ ಸಲಕ್ಕೆ ಕುರಿಯವರು ಬೇರೆ ನಡೆ ಹುಡುಕಬೇಕೆಂದು ಮೊದಲೇ ಹೇಳಿಟ್ಟಿರಿ. ಮಕ್ಕಳು ಮೂರು ಹುಲಿಯನ್ನೂ ಕಟ್ಟುವಷ್ಟು ಬಲಿತ ಮೇಲೆ ಹನ್ನೆರಡರವನನ್ನು ಹುಲಿ ಮಾಡಿ, ನೀವು ಸಣ್ಣವರ ಜೊತೆ ಕುರಿಗಳ ಕಡೆ ಕೂರಿ.